ಬಡ್ಡಿ ತೋರಿಸಿದರೆ ಯಾರಿಗೆ ಲಾಭ?

ಮಡಿಕೇರಿಯ ಈ ಸಭೆಯಲ್ಲಿ ಬೆಳೆಗಾರರೂ ಇದ್ದೀರಿ, ವಾಣಿಜ್ಯ ವಿದ್ಯಾರ್ಥಿಗಳೂ ಇದ್ದೀರಿ. ನಮ್ಮ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ: ‘ಸಾಲ ಮಾಡಿ, ಬಡ್ಡಿ ತೋರಿಸಿ, ತೆರಿಗೆ ಉಳಿಸಿ.’ ಈ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಲಾಭ ಕೊಡುವುದು ಸಾಲವಲ್ಲ, ತೆರಿಗೆ ಕಾನೂನು. ಇದನ್ನು ನಾನು ಇನ್ನೊಂದು ಸಲವಾದರೂ ಹೇಳುತ್ತೇನೆ, ಸಹಿಸಿಕೊಳ್ಳಿ.

ಮೊದಲು ತೆರಿಗೆಯೇ ಇಲ್ಲದ ಲೋಕಕ್ಕೆ ಹೋಗೋಣ. ಕುಶಾಲನಗರದಲ್ಲಿ ಎರಡು ಕಾಫಿ ಕ್ಯೂರಿಂಗ್ ಕಂಪನಿಗಳಿವೆ ಎಂದುಕೊಳ್ಳಿ. ಎರಡರದ್ದೂ ಒಂದೇ ಬಗೆಯ ಯಂತ್ರ, ಒಂದೇ ಬಗೆಯ ಗಿರಾಕಿ. ಬಡ್ಡಿಗೆ ಮುಂಚಿನ ಲಾಭ ವರ್ಷಕ್ಕೆ 1 ಕೋಟಿ. ಮೊದಲನೆಯದಕ್ಕೆ ಸಾಲವಿಲ್ಲ. ಷೇರುದಾರರು ಶೇ 10ರ ಪ್ರತಿಫಲ ಬಯಸುವುದರಿಂದ ಅದರ ಬೆಲೆ 10 ಕೋಟಿ. ಎರಡನೆಯದಕ್ಕೆ ಶೇ 8ರ ಬಡ್ಡಿಯಲ್ಲಿ 4 ಕೋಟಿ ಸಾಲ. ಬಡ್ಡಿ 32 ಲಕ್ಷ ಹೋಗಿ ಷೇರುದಾರರಿಗೆ 68 ಲಕ್ಷ ಉಳಿಯುತ್ತದೆ. ಪೇಟೆಯವರು ‘ಸಾಲವಿರುವುದು ಚುರುಕಿನ ಕಂಪನಿ’ ಎಂದು ಅದರ ಷೇರುಗಳಿಗೆ 6 ಕೋಟಿಯ ಬದಲು 6.5 ಕೋಟಿ ಕಟ್ಟಿದರೆ ಏನಾಗುತ್ತದೆ?

ಅದರ ಹತ್ತನೇ ಒಂದು ಪಾಲು ನಿಮ್ಮದಾಗಿದ್ದರೆ ವರ್ಷಕ್ಕೆ 6.8 ಲಕ್ಷ ಬರುತ್ತದೆ. ಆ ಪಾಲನ್ನು 65 ಲಕ್ಷಕ್ಕೆ ಮಾರಿ. ನೀವೇ ಸ್ವಂತವಾಗಿ ಶೇ 8ಕ್ಕೆ 40 ಲಕ್ಷ ಸಾಲ ಎತ್ತಿ. ಸಾಲವಿಲ್ಲದ ಕಂಪನಿಯ ಹತ್ತನೇ ಒಂದು ಪಾಲನ್ನು 1 ಕೋಟಿಗೆ ಕೊಳ್ಳಿ. ಅಲ್ಲಿಂದ ಬರುವ 10 ಲಕ್ಷದಲ್ಲಿ 3.2 ಲಕ್ಷ ಬಡ್ಡಿ ಕಟ್ಟಿದರೆ ಕೈಯಲ್ಲಿ ಉಳಿಯುವುದು ಅದೇ 6.8 ಲಕ್ಷ. ಜೊತೆಗೆ 5 ಲಕ್ಷ ಜೇಬಿನಲ್ಲೇ ಮಿಕ್ಕಿದೆ! ಎಲ್ಲರೂ ಹೀಗೆ ಮಾಡತೊಡಗಿದರೆ ಆ 6.5 ಕೋಟಿ 6ಕ್ಕೆ ಇಳಿಯಲೇಬೇಕು. ಕಂಪನಿ ಮಾಡುವ ಸಾಲವನ್ನು ಷೇರುದಾರನೇ ಮಾಡಿಕೊಳ್ಳಬಲ್ಲ. ಅದಕ್ಕೆ ಅವನು ಹೆಚ್ಚು ಬೆಲೆ ಏಕೆ ಕೊಟ್ಟಾನು? (ಕಂಪನಿಗೆ ಸಿಗುವ ಬಡ್ಡಿದರದಲ್ಲೇ ನಿಮಗೂ ಸಾಲ ಕೊಡುವ ಬ್ಯಾಂಕು ಸಿಕ್ಕರೆ ನನಗೂ ವಿಳಾಸ ಕೊಡಿ. ಸಿದ್ಧಾಂತ ಮಾತ್ರ ಹಾಗೆಂದು ಊಹಿಸಿಕೊಳ್ಳುತ್ತದೆ.)

ಇದನ್ನು 1958ರಲ್ಲಿ ಬರೆದವರು ಅರ್ಥಶಾಸ್ತ್ರಜ್ಞರಾದ ಮೊಡಿಗ್ಲಿಯಾನಿ ಮತ್ತು ಮಿಲ್ಲರ್. 1985ರಲ್ಲಿ ಮೊಡಿಗ್ಲಿಯಾನಿಗೆ ನೊಬೆಲ್ ಬಂದಾಗ ಟಿವಿಯವರು ಷಿಕಾಗೋದಲ್ಲಿ ಮಿಲ್ಲರ್ ಬಳಿಗೆ ಹೋದರಂತೆ. ವಿವರಿಸಿ ಎಂದರು. ಮಿಲ್ಲರ್ ವಿವರಿಸಿದರು. ಇನ್ನೂ ಚಿಕ್ಕದಾಗಿ ಎಂದರು. ಚಿಕ್ಕದಾಗಿಸಿದರು. ಇನ್ನೂ ಎಂದರು. ಕೊನೆಗೆ ಮಿಲ್ಲರ್, ಎಡಜೇಬಿನ ನೋಟನ್ನು ಬಲಜೇಬಿಗೆ ಹಾಕಿದರೆ ನಿಮ್ಮ ಆಸ್ತಿ ಹೆಚ್ಚುವುದಿಲ್ಲ, ಅಷ್ಟೇ ಎಂದರು. ಟಿವಿಯವರು ಮಾತಿಲ್ಲದೆ ದೀಪ ಆರಿಸಿ ಕ್ಯಾಮೆರಾ ಕಟ್ಟಿಕೊಂಡು ಹೊರಟರಂತೆ. ಮಿಲ್ಲರ್ ತಾವೇ ಹೇಳಿಕೊಂಡ ಕಥೆ ಇದು. ಅವರಿಗೂ 1990ರಲ್ಲಿ ನೊಬೆಲ್ ಬಂತು.

ಈಗ ತೆರಿಗೆ ತರೋಣ. ದರ ಶೇ 25 ಎಂದಿಟ್ಟುಕೊಳ್ಳಿ. ಸಾಲವಿಲ್ಲದ ಕಂಪನಿಗೆ ತೆರಿಗೆ ಕಳೆದು 75 ಲಕ್ಷ ಉಳಿಯುತ್ತದೆ, ಬೆಲೆ 7.5 ಕೋಟಿ. ಸಾಲದ ಕಂಪನಿ ಬಡ್ಡಿಯನ್ನು ಖರ್ಚೆಂದು ಕಳೆದು 68 ಲಕ್ಷಕ್ಕೆ ಮಾತ್ರ ತೆರಿಗೆ ಕಟ್ಟುತ್ತದೆ, ಅಂದರೆ 17 ಲಕ್ಷ. ಷೇರುದಾರರಿಗೆ 51, ಸಾಲ ಕೊಟ್ಟವರಿಗೆ 32, ಒಟ್ಟು 83 ಲಕ್ಷ. 8 ಲಕ್ಷ ಸರ್ಕಾರದ ಪಾಲಿನಿಂದ ಇತ್ತ ಬಂತು.

ಆ 8 ಲಕ್ಷಕ್ಕೆ ಎಷ್ಟು ಬೆಲೆ? 1958ರ ಲೇಖನದ ದಾರಿ ಹಿಡಿದರೆ ಇಡೀ 83 ಲಕ್ಷವನ್ನು ಶೇ 10ರಿಂದಲೇ ಅಳೆಯಬೇಕು: 8.3 ಕೋಟಿ. 1963ರಲ್ಲಿ ಅವರೇ ತಿದ್ದುಪಡಿ ಪ್ರಕಟಿಸಿದರು. ಕಾಫಿ ವ್ಯಾಪಾರದ ಲಾಭ ಏರಿಳಿಯುತ್ತದೆ, ಬಡ್ಡಿಯಿಂದಾಗುವ ತೆರಿಗೆ ಉಳಿತಾಯ ಹಾಗಲ್ಲ. ಅದು ಸಾಲದಷ್ಟೇ ಖಚಿತ. ಆದ್ದರಿಂದ ಅದನ್ನು ಶೇ 8ರಿಂದ ಅಳೆಯಬೇಕು. 8 ಲಕ್ಷಕ್ಕೆ 1 ಕೋಟಿ, ಒಟ್ಟು 8.5 ಕೋಟಿ. ಆ 1 ಕೋಟಿ ಎಂದರೆ 4 ಕೋಟಿ ಸಾಲದ ಶೇ 25. ಸಾಲ ಶಾಶ್ವತವಾಗಿದ್ದರೆ ಸೂತ್ರ ಇಷ್ಟೇ: ತೆರಿಗೆ ದರ ಗುಣಿಸು ಸಾಲ. ಲಾಭ ಕೊಟ್ಟದ್ದು ಸಾಲವಲ್ಲ, ತೆರಿಗೆ ಕಾನೂನು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಕೊಡಗಿನ ಮಾತಿಗೆ ಬರುತ್ತೇನೆ. ಬೇರೆಯವರ ಕಾಫಿಯನ್ನು ಕ್ಯೂರಿಂಗ್ ಮಾಡಿಕೊಡುವ ಕಂಪನಿಗೆ ಈ ಲೆಕ್ಕ ಪೂರ್ತಿ ಹೊಂದುತ್ತದೆ. ಆದರೆ ತಾನೇ ಬೆಳೆದು ತಾನೇ ಕ್ಯೂರಿಂಗ್ ಮಾಡಿ ಮಾರುವ ಕಂಪನಿಗೆ, ಆದಾಯ ತೆರಿಗೆ ನಿಯಮಾವಳಿಯ ಪ್ರಕಾರ, ಆದಾಯದ ಶೇ 25 ಮಾತ್ರ ಕೇಂದ್ರದ ತೆರಿಗೆಗೆ ಒಳಪಡುತ್ತದೆ. ಉಳಿದದ್ದು ಕೃಷಿ ಆದಾಯ. ಬಡ್ಡಿ ಉಳಿಸುವುದೂ ಅಷ್ಟರ ಮೇಲಿನ ತೆರಿಗೆಯನ್ನೇ. ಅಲ್ಲಿಗೆ ನಿಜವಾದ ದರ ಶೇ 6.25; ಅದೇ 4 ಕೋಟಿ ಸಾಲದಿಂದ 1 ಕೋಟಿಯಲ್ಲ, 25 ಲಕ್ಷ. ತೋಟದ ಕಾಫಿ ಚೆರ್ರಿಯನ್ನು ಹಾಗೆಯೇ ಮಾರುವ ಬೆಳೆಗಾರನಿಗೆ ಆ ಆದಾಯದ ಮೇಲೆ ಕೇಂದ್ರದ ತೆರಿಗೆಯೇ ಇಲ್ಲ, ಬಡ್ಡಿಯಿಂದ ಉಳಿಯುವುದೂ ಸೊನ್ನೆ. ಅವನು ಮೊದಲನೆಯ ಲೋಕದಲ್ಲೇ ಇದ್ದಾನೆ.

ಬೆಲೆ ಕುಸಿದು ನಷ್ಟವಾದ ವರ್ಷ ಕ್ಯೂರಿಂಗ್ ಕಂಪನಿಗೂ ಉಳಿಸಲು ತೆರಿಗೆ ಇರುವುದಿಲ್ಲ, ಬಡ್ಡಿ ಮಾತ್ರ ಕಟ್ಟಬೇಕು. ದಿವಾಳಿಯ ಖರ್ಚು, ಷೇರುದಾರರ ಸ್ವಂತ ತೆರಿಗೆ, ಮಿಲ್ಲರ್ 1977ರಲ್ಲಿ ಅದರ ಬಗ್ಗೆ ಹೇಳಿದ್ದು, ಇವಕ್ಕೆಲ್ಲ ಸಮಯವಿಲ್ಲ. ಪ್ರಶ್ನೆಗಳಿದ್ದರೆ ಕೇಳಿ, ನಿಮ್ಮ ಕಂಪನಿ ಕಳೆದ ವರ್ಷ ಎಷ್ಟು ತೆರಿಗೆ ಕಟ್ಟಿತು ಎಂಬುದನ್ನು ಮೊದಲು ಹೇಳಿ, ಆಮೇಲೆ ಸಾಲದ ಮಾತಾಡೋಣ.