ನೆಲಕ್ಕೊಂದು ಬೆಲೆ, ಗೋಡೆಗೊಂದು ಬೆಲೆ

ಎಲ್ಲರಿಗೂ ನಮಸ್ಕಾರ. ಇಂದು ಭೂಮೌಲ್ಯ ತೆರಿಗೆಯ ಬಗ್ಗೆ ಮಾತಾಡೋಣ.

ಒಂದೇ ಬೀದಿಯಲ್ಲಿ ಅಕ್ಕಪಕ್ಕ ಇರುವ ಎರಡು ನಿವೇಶನಗಳನ್ನು ಕಣ್ಮುಂದೆ ತಂದುಕೊಳ್ಳಿ. ಎರಡೂ ಮೂವತ್ತು–ನಲವತ್ತರ ಅಳತೆಯವು. ಎರಡರ ನೆಲಕ್ಕೂ ತಲಾ 60 ಲಕ್ಷ ರೂಪಾಯಿ ಬೆಲೆ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ಒಂದರ ಮಾಲೀಕರು ಸಾಲ ಮಾಡಿ ಇನ್ನೂ 60 ಲಕ್ಷ ಹಾಕಿ ಮನೆ ಕಟ್ಟಿದ್ದಾರೆ, ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಇನ್ನೊಂದರಲ್ಲಿ ಹತ್ತು ವರ್ಷಗಳಿಂದ ಪಾರ್ಥೇನಿಯಂ ಗಿಡ ಬೆಳೆಯುತ್ತಿದೆ. ಮಾಲೀಕರು ಬೆಲೆ ಏರಲೆಂದು ಕಾಯುತ್ತಿದ್ದಾರೆ.

ಊರಿನ ಆಡಳಿತ ಈ ಎರಡರಿಂದ ವರ್ಷಕ್ಕೆ ಒಟ್ಟು 1,80,000 ರೂಪಾಯಿ ಎತ್ತಬೇಕಾಗಿದೆ. ಸಾಮಾನ್ಯ ಆಸ್ತಿ ತೆರಿಗೆಯ ಕ್ರಮದಲ್ಲಿ ನೆಲ ಮತ್ತು ಕಟ್ಟಡ ಎರಡನ್ನೂ ಕೂಡಿಸಿ, ಒಟ್ಟು ಬೆಲೆಯ ಮೇಲೆ ಶೇಕಡಾ 1 ಎಂದು ಹಾಕಿದರೆ ಮನೆ ಕಟ್ಟಿದವರಿಗೆ 1,20,000 ರೂಪಾಯಿ ಬರುತ್ತದೆ, ಖಾಲಿ ಬಿಟ್ಟವರಿಗೆ 60,000. ಭೂಮೌಲ್ಯ ತೆರಿಗೆಯ ಕ್ರಮದಲ್ಲಿ ಕಟ್ಟಡವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೆಲದ ಬೆಲೆಯ ಮೇಲೆ ಮಾತ್ರ ಶೇಕಡಾ 1.5 ಎಂದು ಹಾಕಿದರೆ ಇಬ್ಬರಿಗೂ ತಲಾ 90,000 ರೂಪಾಯಿ. ಖಜಾನೆಗೆ ಬರುವ ಮೊತ್ತ ಅಷ್ಟೇ.

ಈಗ ಖಾಲಿ ನಿವೇಶನದವರೂ ಮನೆ ಕಟ್ಟಲು ಹೊರಟರೆನ್ನಿ. ಮೊದಲನೆಯ ಕ್ರಮದಲ್ಲಿ ಅವರ ತೆರಿಗೆ ಒಮ್ಮೆಲೇ ಇಮ್ಮಡಿಯಾಗುತ್ತದೆ. ಎರಡನೆಯದರಲ್ಲಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಈ ಒಂದು ವ್ಯತ್ಯಾಸದಲ್ಲೇ ಇಂದಿನ ವಿಷಯದ ಬೇರು ಇದೆ.

ಬೆಂಗಳೂರಿನಲ್ಲಿ 2008ರಲ್ಲಿ ಬಂದ ಘಟಕ ವಿಸ್ತೀರ್ಣ ಪದ್ಧತಿಯನ್ನು ಬಲ್ಲವರಿಗೆ ಕಟ್ಟಿದಂತೆ ತೆರಿಗೆ ಏರುವುದು ಹೊಸದಲ್ಲ. ಅಲ್ಲಿ ತೆರಿಗೆಯ ಲೆಕ್ಕ ಶುರುವಾಗುವುದೇ ಕಟ್ಟಿದ ಚದರಡಿಯಿಂದ. ಒಂದು ಮಹಡಿ ಏರಿಸಿದರೆ ತೆರಿಗೆ ಏರುತ್ತದೆ, ಸ್ವಂತ ವಾಸದ ಜಾಗವನ್ನು ಬಾಡಿಗೆಗೆ ಕೊಟ್ಟರೆ ದರವೇ ಇಮ್ಮಡಿ. ಖಾಲಿ ನಿವೇಶನದ ದರ ಇವೆಲ್ಲಕ್ಕಿಂತ ಬಹಳ ಕಡಿಮೆ. ಮನೆಗಳು ಸಾಕಾಗದ ಊರಿನಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಡುವವರ ಮೇಲೆಯೇ ಹೆಚ್ಚಿನ ಭಾರ ಬೀಳುತ್ತದೆ ಎಂಬುದು ನನ್ನನ್ನು ಯಾವಾಗಲೂ ಕಾಡುವ ಸಂಗತಿ.

ಅರ್ಥಶಾಸ್ತ್ರಜ್ಞರು ನೆಲದ ತೆರಿಗೆಯನ್ನು ಏಕೆ ಮೆಚ್ಚುತ್ತಾರೆ? ಯಾವುದಕ್ಕೆ ತೆರಿಗೆ ಹಾಕಿದರೂ ಅದು ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ಅವರ ಹಳೆಯ ಚಿಂತೆ. ಕಟ್ಟಡಕ್ಕೆ ತೆರಿಗೆ ಹಾಕಿದರೆ ಕೆಲವು ಕಟ್ಟಡಗಳು ಏಳುವುದೇ ಇಲ್ಲ, ಕೂಲಿಗೆ ಹಾಕಿದರೆ ದುಡಿಯುವ ಹುರುಪು ಕುಗ್ಗುತ್ತದೆ. ನೆಲ ಹಾಗಲ್ಲ. ತೆರಿಗೆ ಬಿತ್ತೆಂದು ಮೂಲೆ ನಿವೇಶನ ಊರು ಬಿಟ್ಟು ಓಡುವುದಿಲ್ಲ, ಅದರ ಅಳತೆಯೂ ಕುಗ್ಗುವುದಿಲ್ಲ. ಆದ್ದರಿಂದ ಈ ತೆರಿಗೆ ಯಾವ ಉತ್ಪಾದನೆಯನ್ನೂ ಕೆಡಿಸದೆ ಹಣ ತರುತ್ತದೆ. ಆಡಂ ಸ್ಮಿತ್ 1776ರಲ್ಲೇ ನಿವೇಶನದ ಗೇಣಿ ತೆರಿಗೆಗೆ ತಕ್ಕ ವಸ್ತು ಎಂದು ಬರೆದಿದ್ದರು. 1879ರಲ್ಲಿ ಅಮೆರಿಕದ ಹೆನ್ರಿ ಜಾರ್ಜ್ ಇದೊಂದೇ ತೆರಿಗೆ ಸಾಕು, ಉಳಿದವನ್ನೆಲ್ಲ ತೆಗೆದುಬಿಡಿ ಎಂದು ವಾದಿಸಿದರು. ಮಾರುಕಟ್ಟೆಯ ಕಟ್ಟಾ ಬೆಂಬಲಿಗರಾದ ಮಿಲ್ಟನ್ ಫ್ರೀಡ್‌ಮನ್ ಕೂಡ ತೆರಿಗೆಗಳಲ್ಲಿ ಇದೇ ಅತ್ಯಂತ ಕಡಿಮೆ ಕೆಟ್ಟದ್ದು ಎಂದರು. 1990ರಲ್ಲಿ ಸೋವಿಯತ್ ಒಕ್ಕೂಟ ಮಾರುಕಟ್ಟೆಯತ್ತ ಹೊರಳುತ್ತಿದ್ದಾಗ ರಾಬರ್ಟ್ ಸೋಲೋ, ಜೇಮ್ಸ್ ಟೋಬಿನ್, ಫ್ರಾಂಕೋ ಮೊದಿಗ್ಲಿಯಾನಿ ಮುಂತಾದ ಅರ್ಥಶಾಸ್ತ್ರಜ್ಞರು ಅದರ ನಾಯಕ ಗೊರ್ಬಚೇವ್ ಅವರಿಗೆ ಪತ್ರ ಬರೆದು, ನೆಲದ ಗೇಣಿ ಸರ್ಕಾರದ ಆದಾಯವಾಗಿಯೇ ಉಳಿಯಲಿ ಎಂದು ಕೇಳಿಕೊಂಡರು. ಬೇರೆಲ್ಲದರಲ್ಲೂ ಜಗಳವಾಡುವವರು ಇಲ್ಲಿ ಒಂದಾಗುತ್ತಾರೆ.

ಆದರೆ ಮಾಲೀಕರು ಈ ತೆರಿಗೆಯನ್ನು ಬಾಡಿಗೆದಾರರ ತಲೆಗೆ ಕಟ್ಟುವುದಿಲ್ಲವೇ? ಈ ಪ್ರಶ್ನೆ ಎಲ್ಲ ಸಭೆಯಲ್ಲೂ ಬರುತ್ತದೆ, ಬರಲೇಬೇಕು. ಆ ಜಾಗಕ್ಕೆ ಜನ ಎಷ್ಟು ಕೊಡಲು ಸಿದ್ಧರೋ ಅಷ್ಟನ್ನು ಮಾಲೀಕರು ಇಂದೇ ಪಡೆಯುತ್ತಿದ್ದಾರೆ. ತೆರಿಗೆ ಬಂದಿತೆಂದು ಬಾಡಿಗೆದಾರರ ಸಂಬಳ ಹೆಚ್ಚುವುದಿಲ್ಲ, ಊರಿನಲ್ಲಿ ನಿವೇಶನಗಳೂ ಕಡಿಮೆಯಾಗುವುದಿಲ್ಲ. ಹಾಗಾಗಿ ಬಾಡಿಗೆ ಏರಿಸಲು ಹೊಸ ಕಾರಣವೇ ಹುಟ್ಟುವುದಿಲ್ಲ. ಕಟ್ಟಡದ ತೆರಿಗೆಯ ಮಾತು ಬೇರೆ: ಅದರಿಂದ ಕಾಲಕ್ರಮೇಣ ಕಟ್ಟುವುದು ಕಡಿಮೆಯಾಗುತ್ತದೆ, ಮನೆಗಳು ವಿರಳವಾಗುತ್ತವೆ, ಬಾಡಿಗೆ ಏರುತ್ತದೆ.

ಹಾಗಾದರೆ ಭಾರ ಎಲ್ಲಿಗೆ ಹೋಗುತ್ತದೆ? ನೆಲದ ಬೆಲೆಗೆ. ಒಂದು ನಿವೇಶನದ ನೆಲವೇ ವರ್ಷಕ್ಕೆ 3 ಲಕ್ಷ ರೂಪಾಯಿ ಹುಟ್ಟಿಸುತ್ತದೆ, ಕೊಳ್ಳುವವರು ತಮ್ಮ ಹಣಕ್ಕೆ ಶೇಕಡಾ 5 ಗಳಿಕೆ ಬಯಸುತ್ತಾರೆ ಎನ್ನೋಣ. ಆಗ ಅದರ ಬೆಲೆ 60 ಲಕ್ಷ. ಅದರ ಮೇಲೆ ಹೊಸದಾಗಿ ಶೇಕಡಾ 1 ತೆರಿಗೆ ಬಂದರೆ ಬೆಲೆ 50 ಲಕ್ಷಕ್ಕೆ ಇಳಿಯುತ್ತದೆ. ಏಕೆಂದರೆ 50 ಲಕ್ಷಕ್ಕೆ ತೆರಿಗೆ 50,000, ಉಳಿದ ಎರಡೂವರೆ ಲಕ್ಷ ಆ 50 ಲಕ್ಷದ ಶೇಕಡಾ 5. ನಾಳೆ ಕೊಳ್ಳುವವರು ಕಡಿಮೆ ಬೆಲೆಗೆ ಕೊಂಡು ತೆರಿಗೆ ಕಟ್ಟುತ್ತಾರೆ, ಅವರಿಗೆ ನಷ್ಟವಿಲ್ಲ. ಹತ್ತು ಲಕ್ಷ ಕಳೆದುಕೊಂಡವರು ಇಂದು ಆ ನೆಲವನ್ನು ಹಿಡಿದುಕೊಂಡಿರುವವರು. ಮೂವತ್ತು ವರ್ಷ ಸುಮ್ಮನೆ ಇಟ್ಟುಕೊಂಡವರಾದರೆ ನನಗೆ ಅಷ್ಟು ನೋವಿಲ್ಲ. ಕಳೆದ ತಿಂಗಳು ಬ್ಯಾಂಕಿನ ಸಾಲದಲ್ಲಿ 60 ಲಕ್ಷ ಕೊಟ್ಟು ಕೊಂಡ ಕುಟುಂಬವಾದರೆ? ಈ ತೆರಿಗೆಯ ನಿಜವಾದ ಅನ್ಯಾಯ ಅಲ್ಲಿದೆ. ಆದ್ದರಿಂದಲೇ ಇದನ್ನು ಒಂದೇ ಏಟಿಗೆ ಹೇರದೆ ಹಂತಹಂತವಾಗಿ ತರಬೇಕು.

ಹಾಗೆ ತಂದ ಊರೊಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದೆ. ಉಕ್ಕಿನ ನಗರ ಪಿಟ್ಸ್‌ಬರ್ಗ್. 1913ರ ಕಾನೂನಿನ ಪ್ರಕಾರ ಅಲ್ಲಿ ಕಟ್ಟಡದ ದರವನ್ನು ನೆಲದ ದರಕ್ಕಿಂತ ಸ್ವಲ್ಪಸ್ವಲ್ಪವೇ ಇಳಿಸುತ್ತಾ ಬಂದು 1925ರ ಹೊತ್ತಿಗೆ ಅರ್ಧಕ್ಕೆ ತಂದರು. ಇದು ಶುದ್ಧ ಭೂಮೌಲ್ಯ ತೆರಿಗೆಯಲ್ಲ, ಎರಡು ದರದ ತೆರಿಗೆ. ಹೆಚ್ಚಿನ ಆದಾಯದ ಅಗತ್ಯ ಬಿದ್ದಾಗ, 1979–80ರಲ್ಲಿ, ನೆಲದ ದರವನ್ನು ಏರಿಸಿದರು. ಅದು ಕಟ್ಟಡದ ದರದ ಐದು ಪಟ್ಟನ್ನೂ ದಾಟಿತು.

ಆ ಕಾಲ ಪಿಟ್ಸ್‌ಬರ್ಗಿಗೆ ಒಳ್ಳೆಯದಾಗಿರಲಿಲ್ಲ. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಆದರೂ 1980ರ ದಶಕದಲ್ಲಿ ಕಟ್ಟಡ ಪರವಾನಗಿಗಳ ವಾರ್ಷಿಕ ಮೌಲ್ಯ ಹಿಂದಿನ ಎರಡು ದಶಕಗಳ ಸರಾಸರಿಗಿಂತ ಸುಮಾರು ಶೇಕಡಾ 70ರಷ್ಟು ಹೆಚ್ಚಿತ್ತು. ಅದೇ ಭಾಗದ ಇತರ ಕೈಗಾರಿಕಾ ನಗರಗಳಲ್ಲಿ ಬಹುತೇಕ ಎಲ್ಲೆಡೆ ಅದು ಇಳಿದಿತ್ತು. ಇದನ್ನು 1997ರಲ್ಲಿ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ವ್ಯಾಲೇಸ್ ಓಟ್ಸ್ ಮತ್ತು ರಾಬರ್ಟ್ ಶ್ವಾಬ್ ಎಚ್ಚರಿಕೆಯಿಂದ ಮಾತಾಡಿದರು. ನಗರದ ನಡುಭಾಗದಲ್ಲಿ ಆಗ ಕಚೇರಿ ಜಾಗಕ್ಕೆ ದೊಡ್ಡ ಬೇಡಿಕೆ ಇತ್ತು, ಕಟ್ಟುವ ಭರಾಟೆಗೆ ಅದೂ ಕಾರಣ. ನೆಲದ ತೆರಿಗೆ ಮಾಡಿದ್ದೇನೆಂದರೆ, ಕಟ್ಟುವವರನ್ನು ಹೆದರಿಸುವ ಇತರ ತೆರಿಗೆಗಳನ್ನು ಏರಿಸದೆಯೇ ನಗರ ತನ್ನ ಖರ್ಚು ತೂಗಿಸಲು ದಾರಿ ಮಾಡಿಕೊಟ್ಟಿತು. ಭೂಮೌಲ್ಯ ತೆರಿಗೆ ಬಂದೊಡನೆ ಗೋಪುರಗಳು ತಾವಾಗಿ ಎದ್ದು ನಿಲ್ಲುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೇಡಿಕೆ ಇರುವಲ್ಲಿ ಅದು ಅಡ್ಡ ಬರುವುದಿಲ್ಲ, ಅಷ್ಟೇ. ಆ ಅಷ್ಟೇ ಬಹಳ ದೊಡ್ಡದು ಎಂಬುದು ನನ್ನ ನಂಬಿಕೆ.

2001ರಲ್ಲಿ ಪಿಟ್ಸ್‌ಬರ್ಗ್ ಈ ಪದ್ಧತಿಯನ್ನು ಕೈಬಿಟ್ಟಿತು. ಕಾರಣ ಸಿದ್ಧಾಂತದಲ್ಲಿ ಇರಲಿಲ್ಲ, ಬೆಲೆ ಕಟ್ಟುವ ಕೆಲಸದಲ್ಲಿತ್ತು. ಹಳೆಯ ಮೌಲ್ಯಗಳ ಮೇಲೆಯೇ ವರ್ಷಗಟ್ಟಲೆ ತೆರಿಗೆ ನಡೆದಿತ್ತು. ಕೌಂಟಿ ಆಡಳಿತ ಒಮ್ಮೆಲೇ ಮರುಮೌಲ್ಯಮಾಪನ ಮಾಡಿದಾಗ ಕೆಲವು ಬಡಾವಣೆಗಳ ನೆಲದ ಬೆಲೆ ಕಾಗದದ ಮೇಲೆ ಹಲವು ಪಟ್ಟು ಜಿಗಿಯಿತು. ನೆಲದ ದರವೇ ಎತ್ತರವಾಗಿದ್ದುದರಿಂದ ಮನೆಯವರ ಬಿಲ್ಲೂ ಜಿಗಿಯಿತು. ಜನ ಸಿಟ್ಟಿಗೆದ್ದರು, ನಗರ ಮತ್ತೆ ಒಂದೇ ದರಕ್ಕೆ ಮರಳಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮನೆ ಮಾರಾಟವಾಗುವಾಗ ನೆಲಕ್ಕಿಷ್ಟು, ಗೋಡೆಗಿಷ್ಟು ಎಂದು ಯಾರೂ ಬೇರೆಬೇರೆ ಬರೆಯುವುದಿಲ್ಲ. ಮೌಲ್ಯಮಾಪಕರು ಸಾಮಾನ್ಯವಾಗಿ ಒಟ್ಟು ಬೆಲೆಯಿಂದ ಕಟ್ಟಡವನ್ನು ಇಂದು ಕಟ್ಟುವ ಖರ್ಚನ್ನು, ಸವಕಳಿ ತೆಗೆದು, ಕಳೆಯುತ್ತಾರೆ. ಉಳಿದದ್ದು ನೆಲದ ಬೆಲೆ. ಮನೆ 1 ಕೋಟಿಗೆ ಮಾರಾಟವಾಯಿತು, ಕಟ್ಟಡ 60 ಲಕ್ಷ ಎಂದರೆ ನೆಲ 40 ಲಕ್ಷ. ಕಟ್ಟಡದ ಅಂದಾಜು ಶೇಕಡಾ 10 ತಪ್ಪಿ 66 ಲಕ್ಷವಾದರೆ ನೆಲ 34 ಲಕ್ಷಕ್ಕೆ ಇಳಿಯುತ್ತದೆ, ಅಂದರೆ ಶೇಕಡಾ 15 ತಪ್ಪು. ಒಟ್ಟು ಬೆಲೆಯ ಮೇಲೆ ಹಾಕುವ ಆಸ್ತಿ ತೆರಿಗೆಯಲ್ಲಿ ಈ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ.

ಲೆಕ್ಕ ಹಳಿ ತಪ್ಪಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ನೆಲದ ಬೆಲೆಯ ನಕ್ಷೆಯಲ್ಲಿ ಅಕ್ಕಪಕ್ಕದ, ಸಮಾನ ಅಳತೆಯ ನಿವೇಶನಗಳನ್ನು ನೋಡಿ. ಬೆಲೆ ಬೀದಿಯಿಂದ ಬೀದಿಗೆ ಮೆಲ್ಲಗೆ ಏರಿಳಿಯಬೇಕು. ದೊಡ್ಡ ಬಂಗಲೆಯ ಕೆಳಗಿನ ನೆಲಕ್ಕೆ ಹೆಚ್ಚು, ಪಕ್ಕದ ಹೆಂಚಿನ ಮನೆಯ ನೆಲಕ್ಕೆ ಕಡಿಮೆ ಎಂದಿದ್ದರೆ ಅಲ್ಲಿ ಅಳೆದಿರುವುದು ಗೋಡೆಯನ್ನು. ಹೆಸರು ನೆಲದ ತೆರಿಗೆ, ವಸೂಲಿ ಕಟ್ಟಡದ ಮೇಲೆ. ಕೊಂಡ ಮರುದಿನವೇ ಹಳೆಯ ಮನೆಯನ್ನು ಕೆಡವಿದ ವ್ಯವಹಾರಗಳನ್ನು ಹುಡುಕುವುದು ಇನ್ನೊಂದು ದಾರಿ. ಅಲ್ಲಿ ಕೊಳ್ಳುವವರು ಕೊಟ್ಟಿದ್ದು ಹೆಚ್ಚುಕಡಿಮೆ ನೆಲದ ಬೆಲೆಯನ್ನೇ. ನಮ್ಮ ನೋಂದಣಿ ಇಲಾಖೆ ಪ್ರಕಟಿಸುವ ಮಾರ್ಗಸೂಚಿ ದರದಲ್ಲಿ ಬಡಾವಣೆ, ರಸ್ತೆಗಳ ಲೆಕ್ಕದಲ್ಲಿ ನಿವೇಶನದ ದರ ಇರುತ್ತದೆ. ಒರಟಾದರೂ ಅಂಥ ಪಟ್ಟಿಯೊಂದು ನಮ್ಮಲ್ಲಿ ಇದೆ.

ಪಿಟ್ಸ್‌ಬರ್ಗ್ ಎಡವಿದಲ್ಲಿ ಎಚ್ಚರ ವಹಿಸಿದ ಊರು ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾ. 2012ರಲ್ಲಿ ಅಲ್ಲಿನ ಸರ್ಕಾರ ಮನೆ ಕೊಳ್ಳುವಾಗ ತೆರಬೇಕಾದ ಮುದ್ರಾಂಕ ಶುಲ್ಕವನ್ನು ಇಪ್ಪತ್ತು ವರ್ಷಗಳಲ್ಲಿ ಹಂತಹಂತವಾಗಿ ತೆಗೆದುಹಾಕಿ, ಆ ಕೊರತೆಯನ್ನು ನೆಲದ ಬೆಲೆಯ ಮೇಲಿನ ವಾರ್ಷಿಕ ಕಂದಾಯದಿಂದ ತುಂಬಲು ಹೊರಟಿತು. ನೆಲದ ಬೆಲೆಯನ್ನು ಪ್ರತಿ ವರ್ಷ ಹೊಸದಾಗಿ ಕಟ್ಟುತ್ತಾರೆ. ತೆರಿಗೆ ಹಾಕುವುದು ಆ ವರ್ಷದ ಬೆಲೆಯ ಮೇಲಲ್ಲ, ಹಲವು ವರ್ಷಗಳ ಸರಾಸರಿಯ ಮೇಲೆ, ಹಾಗಾಗಿ ಬಿಲ್ಲು ಒಂದೇ ವರ್ಷದಲ್ಲಿ ಜಿಗಿಯುವುದಿಲ್ಲ. ಮನೆ ದೊಡ್ಡದು, ಪಿಂಚಣಿ ಚಿಕ್ಕದು ಎಂಬ ಸ್ಥಿತಿಯ ಹಿರಿಯರಿಗೆ ಕಂದಾಯವನ್ನು ಮುಂದೂಡುವ ಅವಕಾಶವಿದೆ. ಬಾಕಿ ಬಡ್ಡಿಯೊಂದಿಗೆ ಆ ಆಸ್ತಿಯ ಮೇಲೆಯೇ ನಿಲ್ಲುತ್ತದೆ. ಮನೆ ಮಾರಾಟವಾಗುವ ದಿನ ಅದನ್ನು ಚುಕ್ತಾ ಮಾಡಿದರೆ ಆಯಿತು, ಅಲ್ಲಿಯವರೆಗೆ ಅವರನ್ನು ಮನೆಯಿಂದ ಏಳಿಸಬೇಕಾಗಿಲ್ಲ.