ಕಾಗದ ಯಾವುದೆಂದು ಪ್ರಿಂಟರಿಗೆ ಹೇಳಿ

ಕೇಳುಗರಿಗೆ ನಮಸ್ಕಾರ. ಪ್ರಿಂಟರ್ ಇಟ್ಟುಕೊಂಡವರಿಂದ ಆಗಾಗ ಕೇಳಿಬರುವ ದೂರೊಂದಿದೆ. ಪತ್ರ, ಬಿಲ್ಲು ಎಲ್ಲ ಚೆನ್ನಾಗಿಯೇ ಬರುತ್ತವೆ, ಫೋಟೋ ತೆಗೆದರೆ ಮಾತ್ರ ಕೈಗೆಲ್ಲ ಮಸಿ. ಬೈಗುಳವೆಲ್ಲ ಇಂಕಿನ ಪಾಲಿಗೆ. ಆದರೆ ಬಹಳ ಸಲ ಎಡವಟ್ಟು ಆಗಿರುವುದು ಪ್ರಿಂಟ್ ಕೊಡುವಾಗ ನಾವು ಮುಟ್ಟದೇ ಬಿಟ್ಟ ಒಂದು ಆಯ್ಕೆಯಲ್ಲಿ. ಪ್ರಾಪರ್ಟೀಸ್ ಅಥವಾ ಪ್ರಿಫರೆನ್ಸಸ್ ಒತ್ತಿದರೆ ಪೇಪರ್ ಟೈಪ್ ಎಂದೋ ಮೀಡಿಯಾ ಟೈಪ್ ಎಂದೋ ಒಂದು ಸಾಲು ಕಾಣುತ್ತದೆ. ಟ್ರೇಯಲ್ಲಿ ನೀವು ಯಾವ ಕಾಗದ ಇಟ್ಟಿದ್ದೀರಿ ಎಂಬುದು ಮನೆಬಳಕೆಯ ಬಹುತೇಕ ಪ್ರಿಂಟರುಗಳಿಗೆ ತಾನಾಗಿ ಗೊತ್ತಾಗುವುದಿಲ್ಲ. ಆ ಸಾಲಿನಲ್ಲಿ ಏನಿದೆಯೋ ಅದನ್ನೇ ನಂಬುತ್ತವೆ. ನಾವು ಬದಲಿಸದಿದ್ದರೆ ಅಲ್ಲಿರುವುದು ಸಾಮಾನ್ಯವಾಗಿ ಪ್ಲೇನ್ ಪೇಪರ್, ಅಂದರೆ 70–80 ಜಿಎಸ್ಎಂನ ಜೆರಾಕ್ಸ್ ಹಾಳೆ. ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ.

ಮೊದಲು ಇಂಕ್‌ಜೆಟ್ ಪ್ರಿಂಟರಿನಲ್ಲಿ ಫೋಟೋ. ಇಂಕ್ ಟ್ಯಾಂಕ್ ಇರುವ ನಾಲ್ಕು ಬಣ್ಣದ ಎಷ್ಟೋ ಮಾದರಿಗಳಲ್ಲಿ ಕಪ್ಪು ಒಂದೇ ಬೇರೆ ಜಾತಿಯದು. ಹಳದಿ, ಕೆಂಪು, ನೀಲಿ ಮೂರೂ ಕರಗಿದ ಬಣ್ಣ, ಡೈ ಇಂಕ್. ಕಪ್ಪು ಮಾತ್ರ ಪಿಗ್ಮೆಂಟ್, ಅಂದರೆ ನೀರಿನಲ್ಲಿ ತೇಲುವ ನುಣ್ಣನೆಯ ಪುಡಿ. ಸಾದಾ ಹಾಳೆಯ ನಾರಿನ ಮೇಲೆ ಈ ಪುಡಿ ಚೆನ್ನಾಗಿ ಕೂರುತ್ತದೆ. ಹೊಳಪಿನ ಫೋಟೋ ಪೇಪರಿನ ಲೇಪನದೊಳಗೆ ಡೈ ಇಳಿದು ಒಣಗುತ್ತದೆ, ಪುಡಿ ಮೇಲೆಯೇ ಉಳಿದುಬಿಡುತ್ತದೆ. ನೀವು ಗ್ಲಾಸಿ ಫೋಟೋ ಪೇಪರ್ ಎಂದು ಆರಿಸಿದರೆ ಇಂಥ ಪ್ರಿಂಟರ್ ಕಪ್ಪು ಇಂಕನ್ನು ಬದಿಗಿಟ್ಟು, ಉಳಿದ ಮೂರು ಬಣ್ಣ ಬೆರೆಸಿ ಕಪ್ಪು ಮಾಡಿಕೊಳ್ಳುತ್ತದೆ. ಪ್ಲೇನ್ ಎಂದೇ ಬಿಟ್ಟರೆ ಪುಡಿ ಕಪ್ಪನ್ನೇ ಸುರಿಯುತ್ತದೆ. ಹಾಗಾಗಿ ಫೋಟೋದಲ್ಲಿ ಸೀರೆಯ ಬಣ್ಣ ಒಣಗಿದೆ, ತಲೆಗೂದಲು ಮಾತ್ರ ಬೆರಳಿಗೆ ಅಂಟುತ್ತಿದೆ ಎಂದರೆ ಅನುಮಾನ ಮೊದಲು ಸೆಟ್ಟಿಂಗಿನ ಮೇಲೆ ಬರಬೇಕು. ಎಲ್ಲ ಬಣ್ಣವೂ ಹನಿಹನಿಯಾಗಿ ನಿಂತಿದ್ದರೆ ಕಾಗದವನ್ನು ತಿರುವಿ ಇಟ್ಟಿದ್ದೀರಿ. ಲೇಪನ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಇರುತ್ತದೆ.

ಇದೇ ಫೋಟೋ ಪೇಪರನ್ನು ಲೇಸರ್ ಪ್ರಿಂಟರಿಗೆ ಹಾಕಬೇಡಿ. ಅಲ್ಲಿ ಇಂಕಿಲ್ಲ, ಟೋನರ್ ಪುಡಿ ಇದೆ. ಅದನ್ನು ಫ್ಯೂಸರ್ ಎಂಬ ಬಿಸಿ ರೋಲರ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕಾಗದಕ್ಕೆ ಒತ್ತುತ್ತದೆ. ಇಂಕ್‌ಜೆಟ್ ಕಾಗದದ ಲೇಪನ ಆ ಬಿಸಿಗೆ ಕರಗಿ ರೋಲರಿಗೆ ಅಂಟಿಕೊಂಡರೆ ರಿಪೇರಿ ಖರ್ಚು ನಿಮ್ಮದೇ.

ಲೇಸರಿನ ಕಷ್ಟ ಚೆನ್ನಾಗಿ ಕಾಣುವುದು ಲಕೋಟೆಯಲ್ಲಿ. ಮದುವೆ ಕಾರ್ಡಿನ ಲಕೋಟೆಗಳ ಮೇಲೆ ವಿಳಾಸ ಅಚ್ಚು ಮಾಡುತ್ತಿದ್ದೀರಿ ಎಂದುಕೊಳ್ಳಿ. ಕಾಗದ 100 ಜಿಎಸ್ಎಂ. ಆದರೆ ಲಕೋಟೆ ಎರಡು ಪದರ, ಅಲ್ಲಿಗೆ 200 ಆಯಿತು. ಅಂಟಿಸಿದ ಜಾಗದಲ್ಲಿ ಮೂರು ಪದರ, ಅಂದರೆ 300. ಪ್ಲೇನ್ ಎಂದು ಕೊಟ್ಟರೆ ಯಂತ್ರ ತೆಳು ಹಾಳೆಯ ಲೆಕ್ಕದಲ್ಲೇ ಓಡಿಸುತ್ತದೆ. ದಪ್ಪ ಕಾಗದ ಶಾಖವನ್ನು ಹೀರಿಕೊಂಡು ಟೋನರ್ ಅರೆಬರೆ ಕರಗುತ್ತದೆ. ನೋಡಲು ಅಕ್ಷರ ಅಚ್ಚುಕಟ್ಟಾಗಿರುತ್ತದೆ, ಅಂಚೆಯಣ್ಣನ ಚೀಲದಲ್ಲಿ ಉಜ್ಜಾಡಿ ಪಿನ್‌ಕೋಡು ಅಳಿಸಿಹೋಗುತ್ತದೆ. ಎನ್ವಲಪ್ ಎಂದು ಆರಿಸಿದರೆ ಯಂತ್ರ ಮಾದರಿಗೆ ತಕ್ಕಂತೆ ನಿಧಾನಿಸುತ್ತದೆ, ಅಥವಾ ಬಿಸಿ ಹೆಚ್ಚಿಸುತ್ತದೆ. ಒಂದೇ ಒಂದು ಲಕೋಟೆ ತೆಗೆದು, ಅಕ್ಷರದ ಮೇಲೆ ಹೆಬ್ಬೆರಳಿನಿಂದ ಬಲವಾಗಿ ಉಜ್ಜಿ, ಅಕ್ಷರದ ನಡುವೆಯೇ ಮಡಚಿ ನೋಡಿ. ಪುಡಿ ಉದುರಿದರೆ ಬಿಸಿ ಸಾಲದು, ಇನ್ನೂ ದಪ್ಪದ ಆಯ್ಕೆ ಇದ್ದರೆ ಅದಕ್ಕೆ ಹೋಗಿ. ಅಕ್ಷರ ಗಟ್ಟಿಯಾಗಿ ನಿಂತು ಲಕೋಟೆ ಸುಕ್ಕಾದರೆ ಒಂದು ಮೆಟ್ಟಿಲು ಇಳಿಯಿರಿ. ಟ್ರೇಗೆ ಹಾಕುವ ಮುನ್ನ ಅಂಗೈಯಿಂದ ಒತ್ತಿ ಒಳಗಿನ ಗಾಳಿ ತೆಗೆದರೆ ಅರ್ಧ ಸುಕ್ಕು ಅಲ್ಲೇ ತಪ್ಪುತ್ತದೆ. ಕೆಲವು ಯಂತ್ರಗಳ ಟ್ರೇಗೇ ಬೇರೆ ಸೆಟ್ಟಿಂಗ್ ಇರುತ್ತದೆ, ಕಂಪ್ಯೂಟರಿನಲ್ಲಿ ಬದಲಿಸಿದಂತೆ ಅದನ್ನೂ ಬದಲಿಸಿ.

ಇಂಕ್‌ಜೆಟ್‌ನಲ್ಲಿ ಲಕೋಟೆಯ ತೊಂದರೆಯೇ ಬೇರೆ. ಉಬ್ಬಿದ ಅಂಚು ಇಂಕಿನ ಹೆಡ್ಡಿಗೆ ತಗುಲಿ, ಅಕ್ಷರವೇ ಇಲ್ಲದ ಕಡೆ ಕಪ್ಪು ಗೀರು ಬೀಳುತ್ತದೆ. ದಪ್ಪ ಕಾಗದದ ಆಯ್ಕೆ ಕೊಟ್ಟರೆ ಹಲವು ಮಾದರಿಗಳು ಹೆಡ್ಡಿಗೂ ಕಾಗದಕ್ಕೂ ನಡುವಿನ ಅಂತರ ಹೆಚ್ಚಿಸುತ್ತವೆ. ಅಕ್ಷರದ ಚೂಪು ಕೊಂಚ ತಗ್ಗಬಹುದು, ವಿಳಾಸಕ್ಕೆ ಅಷ್ಟು ಸಾಕು.

ಇನ್ನು ಲೇಬಲ್. ಮೇಲೆ ಕಾಗದ, ನಡುವೆ ಅಂಟು, ಕೆಳಗೆ ಜಾರುವ ಹಾಳೆ, ಹೀಗೆ ಇದೂ ದಪ್ಪದ್ದೇ. ಲೇಸರಿಗೆ ಲೇಬಲ್ಸ್ ಎಂಬ ಆಯ್ಕೆಯನ್ನೇ ಕೊಡಿ, ಹಾಳೆಯ ಪೊಟ್ಟಣದ ಮೇಲೆ ಲೇಸರ್ ಎಂದು ಬರೆದಿದೆಯೇ ನೋಡಿ. ನಾಲ್ಕು ಚೀಟಿ ಕಿತ್ತು ಉಳಿದ ಹಾಳೆಯನ್ನು ಮತ್ತೆ ತೂರಿಸುವ ಉಳಿತಾಯ ಬೇಡ. ಬಿಸಿಗೆ ಅಂಚು ಎದ್ದು ಚೀಟಿಯೊಂದು ಒಳಗೇ ಅಂಟಿಬಿಡಬಹುದು. ಇಂಕ್‌ಜೆಟ್‌ಗೆ ಮಂಕು ಕಾಗದದ ಲೇಬಲ್ ಆದರೆ ಪ್ಲೇನ್ ಅಥವಾ ಮ್ಯಾಟ್ ಆಯ್ಕೆ ನಡೆಯುತ್ತದೆ.

ಒಂದು ವಿಷಯಕ್ಕೆ ಮಾತ್ರ ಯಾವ ಸೆಟ್ಟಿಂಗೂ ಒದಗುವುದಿಲ್ಲ. ಸಾದಾ ಲೇಬಲ್ ಮೇಲಿನ ಡೈ ಇಂಕ್ ಎಷ್ಟೇ ಒಣಗಿದ್ದರೂ ಮಳೆಹನಿ ಬಿದ್ದರೆ ಹರಡುತ್ತದೆ. ಜೂನ್‌, ಜುಲೈನಲ್ಲಿ ಮಂಗಳೂರಿಗೋ ಮಡಿಕೇರಿಗೋ ಪಾರ್ಸೆಲ್ ಕಳಿಸುವವರು ವಿಳಾಸವನ್ನು ಲೇಸರಿನಲ್ಲಿ ತೆಗೆಯಿರಿ, ಇಲ್ಲವೇ ಅದರ ಮೇಲೆ ಅಗಲವಾದ ಪಾರದರ್ಶಕ ಟೇಪು ಹಚ್ಚಿ ಕಳಿಸಿ. ನಮಸ್ಕಾರ.