ಮಿನಿಮಮ್ ಮಾತ್ರ ಕಟ್ಟಿದರೆ ಕಾರ್ಡಿನ ಸಾಲ ಎಷ್ಟು ಇಳಿಯುತ್ತದೆ?

ನಮಸ್ಕಾರ. ಪೆನ್ನು, ಪೇಪರು ಹತ್ತಿರದಲ್ಲೇ ಇದ್ದರೆ ತೆಗೆದುಕೊಳ್ಳಿ, ಇವತ್ತು ಒಂದು ಲೆಕ್ಕ ಮಾಡೋಣ.

ನಿಮ್ಮ ಕ್ರೆಡಿಟ್ ಕಾರ್ಡ್ ಬಿಲ್ 50,000 ರೂಪಾಯಿ ಬಂದಿದೆ ಅಂದುಕೊಳ್ಳಿ. ಅದರ ಕೆಳಗೇ ಇನ್ನೊಂದು ಮೊತ್ತ ಇರುತ್ತದೆ, ಮಿನಿಮಮ್ ಡ್ಯೂ, 2,500 ರೂಪಾಯಿ. ಅಂದರೆ ಬಾಕಿಯ ಶೇಕಡಾ 5. ಅಷ್ಟು ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ಬ್ಯಾಂಕಿನವರ ಫೋನೂ ಬರುವುದಿಲ್ಲ. ಆದರೆ ಉಳಿದ 47,500ಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ.

ಬಡ್ಡಿ ತಿಂಗಳಿಗೆ ಶೇಕಡಾ 3.5 ಅಂತ ಇಟ್ಟುಕೊಳ್ಳೋಣ, ಎಷ್ಟೋ ಕಾರ್ಡುಗಳಲ್ಲಿ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. 47,500ಕ್ಕೆ ಸುಮಾರು 1,663 ರೂಪಾಯಿ ಬಡ್ಡಿ. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಅದು 299. ತುಂಬಾ ಜನ ಈ ಜಿಎಸ್‌ಟಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಾಗಾಗಿ ಅವರ ಲೆಕ್ಕ ಬಿಲ್ಲಿಗೆ ಕೂಡಿಬರುವುದೇ ಇಲ್ಲ. ಎರಡೂ ಸೇರಿ 1,962. ಮುಂದಿನ ಬಿಲ್ಲಿನಲ್ಲಿ ಬಾಕಿ 49,462. ನೀವು ಕೊಟ್ಟಿದ್ದು 2,500, ಸಾಲ ಇಳಿದದ್ದು 538 ರೂಪಾಯಿ!

ಮುಂದಿನ ತಿಂಗಳ ಮಿನಿಮಮ್ 2,473. ಬಾಕಿ ಇಳಿದ ಹಾಗೆ ಕಟ್ಟಬೇಕಾದ ಮೊತ್ತವೂ ಇಳಿಯುತ್ತದೆ. ಹಗುರ ಆಯಿತು ಅನ್ನಿಸುತ್ತದೆ, ಅಲ್ವಾ? ಸಾಲ ಎಳೆಯುತ್ತಾ ಹೋಗುವುದೇ ಇದರಿಂದ. ಪ್ರತಿ ತಿಂಗಳೂ ಬಾಕಿ ಶೇಕಡಾ 1ರಷ್ಟು ಮಾತ್ರ ಕರಗುತ್ತದೆ.

ಹೀಗೇ ಒಂದು ವರ್ಷ ಕಟ್ಟಿದರೆ ನಿಮ್ಮ ಕೈಯಿಂದ ಹೋದದ್ದು ಸುಮಾರು 28,300 ರೂಪಾಯಿ, ಬಾಕಿ ಇನ್ನೂ 43,900. ಸಾಲ ಅರ್ಧ ಆಗುವುದಕ್ಕೇ 64 ತಿಂಗಳು ಬೇಕು, ಅಷ್ಟರಲ್ಲಿ 1,16,000 ರೂಪಾಯಿ ಕಟ್ಟಿರುತ್ತೀರಿ, ಆಮೇಲೂ 25,000 ಬಾಕಿ ಇರುತ್ತದೆ, ಅದೂ ಈ ನಡುವೆ ಕಾರ್ಡಿನಲ್ಲಿ ಒಂದು ರೂಪಾಯಿಯನ್ನೂ ಹೊಸದಾಗಿ ಖರ್ಚು ಮಾಡದೇ ಇದ್ದರೆ!

ಅದೇ ಸಾಲಕ್ಕೆ ಮಿನಿಮಮ್ ಎಷ್ಟೇ ತೋರಿಸಲಿ, ತಿಂಗಳಿಗೆ 5,000 ಅಂತ ಗಟ್ಟಿ ಮಾಡಿಕೊಂಡು ಕಟ್ಟಿ ನೋಡಿ. 13ನೇ ಕಂತಿಗೆ ಸಾಲ ತೀರುತ್ತದೆ. ಬಡ್ಡಿ, ಜಿಎಸ್‌ಟಿ ಸೇರಿ ಜಾಸ್ತಿ ಹೋಗುವುದು ಸುಮಾರು 12,400. ಕಟ್ಟುವ ಮೊತ್ತವನ್ನು ಇಳಿಸದೇ ಇರುವುದರಲ್ಲೇ ಅರ್ಧ ಲಾಭ ಇದೆ.

ನಾನು ಹೇಳಿದ್ದು ತಿಂಗಳ ಲೆಕ್ಕ. ಬ್ಯಾಂಕು ದಿನದ ಲೆಕ್ಕದಲ್ಲಿ, ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಹಾಕುತ್ತದೆ, ಹಾಗಾಗಿ ಮೊದಲ ಬಿಲ್ಲಿನಲ್ಲಿ ಬಡ್ಡಿ ಇನ್ನೂ ಜಾಸ್ತಿ ಕಾಣಬಹುದು. ಇನ್ನೊಂದು ವಿಷಯ. ಹಳೆಯ ಬಾಕಿ ಪೂರ್ತಿ ತೀರದಿದ್ದರೆ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಇವತ್ತು 3,000 ರೂಪಾಯಿ ದಿನಸಿ ತಂದರೆ ಅದಕ್ಕೂ ಇವತ್ತಿನಿಂದಲೇ ಬಡ್ಡಿ. ಆದ್ದರಿಂದ ಬಾಕಿ ತೀರುವವರೆಗೆ ದಿನಸಿ, ಪೆಟ್ರೋಲು ಯಾವುದಕ್ಕೂ ಆ ಕಾರ್ಡು ಬೇಡ, ನಗದು ಕೊಡಿ ಅಥವಾ ಯುಪಿಐ ಮಾಡಿ.